ಚಾಟ್ ಕಡತದ ಕನ್ನಡ ಎಲ್ಲಿ ಕೆಡುತ್ತದೆ: ಪತ್ತೆ ಮತ್ತು ಪರಿಹಾರ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯವರಿಗೆ ತೋಟದ ವಿಚಾರಕ್ಕೆಂದೇ ಒಂದು ವಾಟ್ಸ್ಆ್ಯಪ್ ಗುಂಪಿದೆ. ಯಾವ ದಿನ ಔಷಧಿ ಹೊಡೆದೆವು, ಕೊಳೆರೋಗ ಯಾವ ಸಾಲಿನಲ್ಲಿ ಕಾಣಿಸಿತು, ಎಷ್ಟು ದಿನ ಮಳೆ ಬಿಟ್ಟಿತ್ತು ಎಂಬುದೆಲ್ಲ 2019ರಿಂದ ಅದರಲ್ಲೇ ಇದೆ. ದೊಡ್ಡಪ್ಪನವರ ಕೈಯಲ್ಲಿರುವುದು ಗುಂಡಿ ಒತ್ತುವ ಮೊಬೈಲ್. ಕಳೆದ ಬೇಸಿಗೆಯಲ್ಲಿ ಅವರು, "ಮಳೆಗಾಲದ ಮಾತನ್ನೆಲ್ಲ ಕಾಗದದ ಮೇಲೆ ತೆಗೆದುಕೊಡು, ದೊಡ್ಡ ಅಕ್ಷರದಲ್ಲಿರಲಿ" ಎಂದರು. ಚಾಟನ್ನು ಕಡತ ಮಾಡಿ ಪೇಟೆಯ ಡಿಟಿಪಿ ಅಂಗಡಿಗೆ ಕಳಿಸಿದೆ. ಅಲ್ಲಿಂದ ಬಂದ ಮೊದಲ ಹಾಳೆಯಲ್ಲಿ ದಿನಾಂಕಗಳು ಸರಿಯಾಗಿದ್ದವು, ಆದರೆ ಕನ್ನಡ ಇರಬೇಕಾದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಿದ್ದವು.

ಮೊಬೈಲಿನಿಂದ ಕಾಗದದವರೆಗೆ ಒಂದು ಚಾಟ್ ನಾಲ್ಕು ಕೈ ದಾಟುತ್ತದೆ: ಮೊಬೈಲ್ ಅದನ್ನು ಕಡತವಾಗಿ ಬರೆಯುತ್ತದೆ, ಇನ್ನೊಂದು ಯಂತ್ರ ಅದನ್ನು ಓದುತ್ತದೆ, ಒಂದು ತಂತ್ರಾಂಶ ಅದನ್ನು ಪುಟವಾಗಿ ಜೋಡಿಸುತ್ತದೆ, ಕೊನೆಗೆ ಮುದ್ರಕ ಅಚ್ಚು ಹಾಕುತ್ತದೆ. ಕನ್ನಡ ಈ ನಾಲ್ಕರಲ್ಲಿ ಎಲ್ಲಿ ಬೇಕಾದರೂ ಕೆಡಬಹುದು. ಒಳ್ಳೆಯದೇನೆಂದರೆ, ಪ್ರತಿ ಕಡೆಯೂ ಅದು ಕೆಡುವ ರೀತಿ ಬೇರೆ. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ಸರಿಯಾಗಿ ನೋಡಿದರೆ ದೋಷ ಯಾವ ಕೈಯಲ್ಲಿದೆ ಎಂದು ಹೇಳಬಹುದು.

ಮೊದಲು ಮೂಲ ಕಡತ ಪೂರ್ತಿಯಾಗಿದೆಯೇ ನೋಡಿ

ಆಂಡ್ರಾಯ್ಡ್ ಮೊಬೈಲಿನಲ್ಲಿ ಚಾಟನ್ನು ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, More ಒಳಗೆ Export chat ಆರಿಸಬೇಕು. ಐಫೋನಿನಲ್ಲಿ ಗುಂಪಿನ ಅಥವಾ ವ್ಯಕ್ತಿಯ ಹೆಸರನ್ನು ಒತ್ತಿದರೆ ಬರುವ ಮಾಹಿತಿ ಪುಟದ ಕೆಳಭಾಗದಲ್ಲಿ ಅದೇ ಆಯ್ಕೆ ಸಿಗುತ್ತದೆ. ಎರಡರಲ್ಲೂ ಚಿತ್ರಗಳು ಬೇಕೇ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ನಾನು ಬೇಕು ಎಂದೆ, ತಪ್ಪಿದ್ದು ಅಲ್ಲಿಯೇ. ಚಿತ್ರ ಸಮೇತ ತೆಗೆದರೆ ಇತ್ತೀಚಿನ ಸುಮಾರು 10,000 ಸಂದೇಶಗಳು ಮಾತ್ರ ಬರುತ್ತವೆ. ಚಿತ್ರ ಬಿಟ್ಟರೆ ಆ ಮಿತಿ 40,000. ನಮ್ಮ ಗುಂಪಿನಲ್ಲಿ ಸುಮಾರು 17,000 ಸಂದೇಶಗಳಿದ್ದವು. ಮೊದಲ ಕಡತ 2022ರ ಆಗಸ್ಟಿನಿಂದ ಶುರುವಾಗಿತ್ತು. ಅದಕ್ಕಿಂತ ಹಿಂದಿನ ಮೂರು ಮಳೆಗಾಲಗಳು ಅದರಲ್ಲಿ ಇರಲೇ ಇಲ್ಲ. ಎಚ್ಚರಿಕೆಯ ಸಂದೇಶವೇನೂ ಬರುವುದಿಲ್ಲ, ಆದ್ದರಿಂದ ಕಡತದ ಮೊದಲ ಸಾಲಿನ ದಿನಾಂಕವನ್ನು ನಾವೇ ನೋಡಿಕೊಳ್ಳಬೇಕು. Without media ಆರಿಸಿ ಮತ್ತೆ ತೆಗೆದಾಗ ಎಲ್ಲವೂ ಬಂತು. ಮೊಬೈಲ್ ಬದಲಿಸಿದಾಗ ಹಳೆಯ ಸಂದೇಶಗಳು ಹೊಸ ಮೊಬೈಲಿಗೆ ಬಂದಿಲ್ಲದಿದ್ದರೆ ಅವು ಕಡತಕ್ಕೂ ಬರುವುದಿಲ್ಲ. ಆಗ ಗುಂಪಿನಲ್ಲಿ ಹಳೆಯ ಮೊಬೈಲನ್ನೇ ಉಳಿಸಿಕೊಂಡಿರುವ ಬೇರೊಬ್ಬರಿಂದ ತೆಗೆಸುವುದು ಉತ್ತಮ.

ಕಡತ ತೆಗೆಯಲು ಬಿಡುವುದೇ ಇಲ್ಲವೆಂದಾದರೆ ಗುಂಪಿನ ಮಾಹಿತಿ ಪುಟದಲ್ಲಿ Advanced chat privacy ಚಾಲೂ ಇದೆಯೇ ನೋಡಿ. ಅದು ಚಾಲೂ ಇದ್ದರೆ ಯಾರೂ ಚಾಟನ್ನು ಹೊರಗೆ ತೆಗೆಯಲಾಗದು. ಯಾರೋ ಯೋಚಿಸಿಯೇ ಅದನ್ನು ಹಾಕಿರಬಹುದು. ತೆಗೆಯುವ ಮುನ್ನ ಅವರನ್ನು ಕೇಳುವುದು ನ್ಯಾಯ.

ಕಡತದ ಒಳಗೆ ಸಾಲುಗಳು ಹೀಗಿರುತ್ತವೆ:

```
14/06/23, 7:42 pm - ಚಿಕ್ಕಪ್ಪ: ಮಳೆ ಬಿಟ್ಟಿದೆ. ನಾಳೆ ತೋಟಕ್ಕೆ ಔಷಧಿ
14/06/23, 7:45 pm - ಚಿಕ್ಕಪ್ಪ: <Media omitted>
```

ಹೆಸರುಗಳು ನಿಮ್ಮ ಮೊಬೈಲಿನಲ್ಲಿ ನೀವು ಹೇಗೆ ಬರೆದುಕೊಂಡಿದ್ದೀರೋ ಹಾಗೆಯೇ ಬರುತ್ತವೆ. ಹೆಸರು ಬರೆದುಕೊಳ್ಳದಿದ್ದವರ ದೂರವಾಣಿ ಸಂಖ್ಯೆಯೇ ಅಚ್ಚಾಗುತ್ತದೆ. ನಾಲ್ಕು ಜನರ ಕೈಗೆ ಹೋಗುವ ಪ್ರತಿಯಾದರೆ, ಕಡತ ತೆಗೆಯುವ ಮುನ್ನವೇ ಅಂಥವರ ಹೆಸರನ್ನು ಮೊಬೈಲಿನಲ್ಲಿ ಸೇರಿಸಿಕೊಳ್ಳಿ; ಆಮೇಲೆ ಸಾವಿರಾರು ಸಾಲುಗಳಲ್ಲಿ ಸಂಖ್ಯೆ ಅಳಿಸುತ್ತ ಕೂರುವ ಕೆಲಸ ತಪ್ಪುತ್ತದೆ.

ಕಡತವನ್ನು ನಿಮ್ಮದೇ ಮಿಂಚಂಚೆಗೆ ಕಳಿಸಿಕೊಳ್ಳಿ. ಆ ಮಿಂಚಂಚೆಯಲ್ಲಿರುವ ಪ್ರತಿಯನ್ನು ಯಾವ ಕಾರಣಕ್ಕೂ ತಿದ್ದಬೇಡಿ. ಮುಂದೆ ಏನೇ ಕೆಟ್ಟರೂ ಹಿಂತಿರುಗಲು ಇರುವ ದಾರಿ ಅದೊಂದೇ. ಐಫೋನಿನಿಂದ ಬರುವುದು ಜಿಪ್ ಕಡತ. ಅದನ್ನು ಬಿಚ್ಚಿದರೆ ಒಳಗಿನ ಕಡತದ ಹೆಸರು ಯಾವಾಗಲೂ `_chat.txt` ಎಂದೇ ಇರುವುದರಿಂದ ಎರಡು ಚಾಟ್‌ಗಳನ್ನು ಒಂದೇ ಕಡೆ ಬಿಚ್ಚುವ ಮೊದಲು ಹೆಸರು ಬದಲಿಸಿಕೊಳ್ಳಬೇಕು.

ಪರದೆಯ ಮೇಲೆ à² ಕಂಡರೆ

ನನ್ನ ಮೊದಲ ಹಾಳೆ ಪ್ರಶ್ನಾರ್ಥಕ ಚಿಹ್ನೆಗಳಾಗುವ ಮುನ್ನ ಅಂಗಡಿಯ ಪರದೆಯ ಮೇಲೆ ಹೇಗಿತ್ತು ಎಂದು ಮರುದಿನ ಹೋಗಿ ನೋಡಿದೆ. "ಮಳೆ" ಇರಬೇಕಾದ ಕಡೆ ಹೀಗಿತ್ತು:

```
à²®à²³à³†
```

ಇದು ಕೆಟ್ಟ ಕಡತವಲ್ಲ. ಸರಿಯಾದ ಕಡತವನ್ನು ತಪ್ಪಾಗಿ ಓದಿದ್ದರ ಗುರುತು. ವಾಟ್ಸ್ಆ್ಯಪ್ ಕಡತವನ್ನು UTF-8 ಎಂಬ ಕ್ರಮದಲ್ಲಿ ಬರೆಯುತ್ತದೆ. ಆ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಮೂರು ಮೂರು ಬೈಟ್ ಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗದ ಕಾರಣ ಆ ಮೂರರಲ್ಲಿ ಮೊದಲ ಎರಡು ಬೈಟ್‌ಗಳು ಎರಡೇ ಬಗೆಯವು: E0 B2 ಅಥವಾ E0 B3. ಹಳೆಯ ತಂತ್ರಾಂಶವೊಂದು ಇದನ್ನು ಪಾಶ್ಚಾತ್ಯ ಭಾಷೆಗಳ ಒಂದು ಬೈಟಿನ ಕ್ರಮವೆಂದು ಭಾವಿಸಿದರೆ E0 ಎಂಬುದು à ಆಗಿ, B2 ಎಂಬುದು ² ಆಗಿ, B3 ಎಂಬುದು ³ ಆಗಿ ಕಾಣುತ್ತದೆ. ಹಾಗಾಗಿ ಪುಟದ ತುಂಬ à² ಮತ್ತು à³ ಮತ್ತೆ ಮತ್ತೆ ಬರುತ್ತಿದ್ದರೆ ಒಳಗೆ ಕನ್ನಡ ಕ್ಷೇಮವಾಗಿದೆ ಎಂದು ತಿಳಿಯಬಹುದು.

ಪರಿಹಾರ ಸರಳ. ಆ ಕಡತವನ್ನು ಉಳಿಸದೆ ಮುಚ್ಚಿ. ವಿಂಡೋಸ್‌ನಲ್ಲಿ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಸಾಮಾನ್ಯವಾಗಿ ಅದು UTF-8 ಎಂದು ತಾನೇ ಗುರುತಿಸುತ್ತದೆ. ಕನ್ನಡ ಕಂಡ ಮೇಲೆ Save as ಒತ್ತಿ, ಕೆಳಗೆ Encoding ಎಂಬಲ್ಲಿ UTF-8 with BOM ಆರಿಸಿ, ಬೇರೆ ಹೆಸರಿನಲ್ಲಿ ಉಳಿಸಿ. ಇದರಿಂದ ಕಡತದ ತಲೆಗೆ ಮೂರು ಬೈಟ್‌ಗಳ ಒಂದು ಗುರುತು ಸೇರುತ್ತದೆ, ಮುಂದೆ ಓದುವ ತಂತ್ರಾಂಶ ಊಹೆ ಮಾಡುವ ಅಗತ್ಯ ಇರುವುದಿಲ್ಲ. ವರ್ಡ್‌ನಲ್ಲಿ ನೇರವಾಗಿ ತೆರೆದಾಗ ಯಾವ ಕ್ರಮ ಎಂದು ಕೇಳುವ ಕಿಟಕಿ ಬಂದರೆ Other encoding ಒತ್ತಿ Unicode (UTF-8) ಆರಿಸಿ. ಕೆಳಗಿನ ಮುನ್ನೋಟದಲ್ಲಿ ಕನ್ನಡ ಕಂಡ ಮೇಲೆ ಮಾತ್ರ ಮುಂದುವರಿಯಿರಿ. ಅಂಗಡಿಯಲ್ಲಿ ಆ ಕಿಟಕಿಯನ್ನು ನೋಡದೆ ಸರಿ ಎಂದು ಒತ್ತಿಬಿಡುವುದು ತೀರಾ ಸಾಮಾನ್ಯ.

ಈ ಹಂತದಲ್ಲಿ ಅಂಗಡಿಯ ಹುಡುಗ ಇನ್ನೊಂದು ಕೆಲಸ ಮಾಡಿದ್ದ. ಪೂರ್ತಿ ಪಠ್ಯವನ್ನು ಆರಿಸಿ ನುಡಿಯ ಹಳೆಯ ಅಕ್ಷರಶೈಲಿಯನ್ನು ಹಚ್ಚಿದ್ದ. ನಮ್ಮಲ್ಲಿ ಆಮಂತ್ರಣ ಪತ್ರ, ಕರಪತ್ರ ಮಾಡುವವರ ಕೈಗೆ ಅದು ಅಭ್ಯಾಸ, ಅವನದು ತಪ್ಪೆನ್ನಲಾರೆ. ಆದರೆ ಆ ಹಳೆಯ ಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿರುತ್ತಾರೆ. ಅದನ್ನು à² ಸಾಲಿಗೆ ಹಚ್ಚಿದರೆ ಕನ್ನಡದಂತೆ ಕಾಣುವ, ಆದರೆ ಯಾವ ಅರ್ಥವೂ ಇಲ್ಲದ ಅಕ್ಷರಗಳು ಬರುತ್ತವೆ. ಸರಿಯಾದ ಯೂನಿಕೋಡ್ ಪಠ್ಯಕ್ಕೆ ಹಚ್ಚಿದರೆ ಕನ್ನಡ ಹಾಗೆಯೇ ಉಳಿದು `pm` ಎಂಬ ಇಂಗ್ಲಿಷ್ ಅಕ್ಷರಗಳು ಕೆಡುತ್ತವೆ. ಎರಡನೆಯದು ಕಂಡರೆ ಹೆದರಬೇಕಾಗಿಲ್ಲ, ಯೂನಿಕೋಡ್ ಶೈಲಿಯೊಂದನ್ನು ಮತ್ತೆ ಹಚ್ಚಿದರೆ ಸರಿಹೋಗುತ್ತದೆ.

ಪ್ರಶ್ನಾರ್ಥಕ ಚಿಹ್ನೆ ಬಂದರೆ

ಇದೊಂದು ಮಾತ್ರ ನಿಜವಾದ ನಷ್ಟ. ಕಡತವನ್ನು ಯಾರೋ ANSI ಕ್ರಮದಲ್ಲಿ ಉಳಿಸಿದಾಗ, ಆ ಕ್ರಮದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಕಾರಣ ಪ್ರತಿ ಅಕ್ಷರವನ್ನೂ ತೆಗೆದು ಒಂದು ? ಹಾಕಲಾಗುತ್ತದೆ. "ತೋಟ" ಎಂಬುದು `???` ಆಗುತ್ತದೆ: ತ, ಓಕಾರದ ಚಿಹ್ನೆ, ಟ, ಮೂರಕ್ಕೆ ಮೂರು. ಆ ಮೂರು ಚಿಹ್ನೆಗಳಿಂದ ತೋಟವನ್ನು ಮರಳಿ ಪಡೆಯಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ. ಅಂಗಡಿಯಲ್ಲಿ ಆಗಿದ್ದೂ ಇದೇ. ಮೊದಲಿಗೆ à² ಕಂಡಾಗ ಹುಡುಗ ಬೇರೆ ತಂತ್ರಾಂಶದಲ್ಲಿ ತೆರೆದಿದ್ದಾನೆ, ಅಲ್ಲಿ ಕನ್ನಡ ಸರಿಯಾಗಿಯೇ ಕಂಡಿದೆ, ಹಳೆಯ ಯಂತ್ರಕ್ಕೆ ಹೊಂದಲೆಂದು ANSI ಎಂದು ಉಳಿಸಿದ್ದಾನೆ. ಎಚ್ಚರಿಕೆ ಬಂದಿತ್ತಂತೆ, ಸರಿ ಒತ್ತಿದನಂತೆ.

ಕಡತವನ್ನು ತೆರೆಯದೆಯೇ ಇದನ್ನು ಪತ್ತೆ ಮಾಡುವ ಒಂದು ಉಪಾಯವಿದೆ, ಗಾತ್ರ ನೋಡುವುದು. ನನ್ನ ಮಿಂಚಂಚೆಯಲ್ಲಿದ್ದ ಮೂಲ 2.6 ಎಂಬಿ. ಅಂಗಡಿಯಲ್ಲಿ ಉಳಿಸಿದ್ದು 1.2 ಎಂಬಿ. ಕನ್ನಡದ ಮೂರು ಬೈಟ್ ಜಾಗದಲ್ಲಿ ಒಂದೇ ಬೈಟಿನ ? ಕೂತಿದ್ದರಿಂದ ಅಷ್ಟು ಕುಗ್ಗಿತು. ದಿನಾಂಕ ಮತ್ತು ಖಾಲಿ ಜಾಗಗಳು ಮೊದಲೂ ಒಂದೇ ಬೈಟ್ ಆಗಿದ್ದರಿಂದ ಪೂರ್ತಿ ಮೂರನೇ ಒಂದು ಭಾಗಕ್ಕೆ ಇಳಿಯಲಿಲ್ಲ. ಇದರ ಎದುರು ದಿಕ್ಕಿನದೂ ಒಂದಿದೆ. ಗಾತ್ರ ಸುಮಾರು ಎರಡು ಪಟ್ಟು ಆಗಿದ್ದರೆ, à² ಕಾಣುತ್ತಿದ್ದ ಸ್ಥಿತಿಯಲ್ಲಿಯೇ ಕಡತವನ್ನು UTF-8 ಆಗಿ ಉಳಿಸಿದ್ದಾರೆ ಎಂದು ಅರ್ಥ. ತಪ್ಪು ಓದೇ ಈಗ ಪಠ್ಯವಾಗಿ ಕಡತದೊಳಗೆ ಕೂತಿದೆ.

ಈ ಎರಡನೆಯದನ್ನು ಹಿಂದಕ್ಕೆ ತಿರುಗಿಸುವ ಸಾಧನಗಳಿವೆ, ಆದರೆ ಕನ್ನಡಕ್ಕೆ ಅವುಗಳನ್ನು ನಂಬಬೇಡಿ. ಕಾರಣ ಅರ್ಧಾಕ್ಷರದ ಚಿಹ್ನೆ. ಒತ್ತಕ್ಷರ ಬರೆಯುವಾಗಲೆಲ್ಲ ಒಳಗೆ ಬರುವ ಈ ಚಿಹ್ನೆಯ ಮೂರು ಬೈಟ್‌ಗಳು E0 B3 8D. ಆ ಹಳೆಯ ಪಾಶ್ಚಾತ್ಯ ಕ್ರಮದಲ್ಲಿ 8D ಎಂಬ ಮನೆಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ದಾರಿಯಲ್ಲಿ ಯಾವುದಾದರೂ ತಂತ್ರಾಂಶ ಅದನ್ನು ಬೇಡವೆಂದು ಎಸೆದರೆ, ಹಿಂದಕ್ಕೆ ತಿರುಗಿಸಿದಾಗ ಒತ್ತಕ್ಷರ ಇದ್ದ ಪ್ರತಿ ಪದವೂ ಮುರಿದಿರುತ್ತದೆ. ಒತ್ತಿಲ್ಲದ ಕನ್ನಡ ವಾಕ್ಯ ಎಷ್ಟಿದ್ದೀತು? ಎರಡೂ ಸಂದರ್ಭಗಳಲ್ಲಿ ಮಿಂಚಂಚೆಯ ಮೂಲಕ್ಕೆ ಹೋಗಿ ಮತ್ತೆ ಇಳಿಸಿಕೊಳ್ಳುವುದೇ ಸರಿ. ಐದು ನಿಮಿಷದ ಕೆಲಸ.

ಚೌಕಗಳು ಮತ್ತು ಮುರಿದ ಒತ್ತುಗಳು

ಅಕ್ಷರದ ಬದಲು ಖಾಲಿ ಚೌಕ ಕಂಡರೆ ಪಠ್ಯ ಸರಿಯಿದೆ, ಆ ಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲ ಅಷ್ಟೆ. ವಿಂಡೋಸ್ 8ರಿಂದ ಈಚೆಗೆ Nirmala UI, ಅದಕ್ಕೂ ಹಿಂದಿನವುಗಳಲ್ಲಿ Tunga ಇರುತ್ತದೆ. ಉಚಿತವಾಗಿ ಸಿಗುವ Noto Sans Kannada ಹಾಕಿಕೊಂಡರೆ ಎಲ್ಲ ಕಡೆಯೂ ನಡೆಯುತ್ತದೆ. ಕನ್ನಡವೆಲ್ಲ ಸರಿಯಾಗಿದ್ದು ಅಲ್ಲೊಂದು ಇಲ್ಲೊಂದು ಚೌಕ ಕಂಡರೆ ಅದು ಇಮೋಜಿ. ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಹೆಚ್ಚು ತೊಂದರೆ ಕೊಡುವುದು ಇನ್ನೊಂದು. ಅಂಗಡಿಯ ಗೋಜೇ ಬೇಡವೆಂದು ಮೊಬೈಲಿನಲ್ಲಿಯೇ ಪಠ್ಯವನ್ನು ಪಿಡಿಎಫ್ ಮಾಡುವ ಪುಟ್ಟ ಆ್ಯಪ್ ಒಂದನ್ನು ಹಾಕಿಕೊಂಡೆ. ಅಕ್ಷರಗಳೆಲ್ಲ ಬಂದವು. ಆದರೆ "ಚಿಕ್ಕಪ್ಪ" ಎಂಬಲ್ಲಿ ಕಕಾರದ ಒತ್ತು ಕೆಳಗೆ ಇಳಿಯದೆ, ಕ್ ಮತ್ತು ಕ ಬೇರೆ ಬೇರೆಯಾಗಿ ಪಕ್ಕದಲ್ಲಿ ಕೂತಿದ್ದವು. "ಸೂರ್ಯ"ದ ಅರ್ಕಾವತ್ತು ಅದರ ಜಾಗದಲ್ಲಿರಲಿಲ್ಲ. ಶೈಲಿ ಇದ್ದರೆ ಸಾಲದು. ಯಾವ ಎರಡು ಅಕ್ಷರ ಕೂಡಿದಾಗ ಯಾವ ಆಕಾರ, ಒತ್ತು ಎಲ್ಲಿ ಕೂರಬೇಕು ಎಂದು ಜೋಡಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಇಂಗ್ಲಿಷಿಗೆ ಆ ಕೆಲಸ ಬೇಕಿಲ್ಲದ್ದರಿಂದ ಎಷ್ಟೋ ಸಣ್ಣ ಆ್ಯಪ್‌ಗಳು ಅದನ್ನು ಮಾಡುವುದೇ ಇಲ್ಲ. ಪಿಡಿಎಫ್ ಆದ ಮೇಲೆ ಆಕಾರಗಳು ಪುಟದಲ್ಲಿ ಅಚ್ಚೊತ್ತಿದಂತೆ ನಿಂತುಬಿಡುತ್ತವೆ, ಮುಂದೆ ಯಾವ ಯಂತ್ರದಲ್ಲಿ ತೆರೆದರೂ ಒತ್ತು ಕೂಡುವುದಿಲ್ಲ. ಪಿಡಿಎಫನ್ನು ಬಿಸಾಡಿ ಕಡತದಿಂದ ಮತ್ತೆ ಮಾಡಬೇಕು. ವರ್ಡ್, ಲಿಬ್ರೆಆಫೀಸ್, ಕ್ರೋಮ್ ಮೂರೂ ಈ ಜೋಡಣೆಯನ್ನು ಸರಿಯಾಗಿ ಮಾಡುತ್ತವೆ. ಪುಟ ನೂರಿದ್ದರೂ ಪರೀಕ್ಷೆಗೆ ಮೂರು ಪದ ಸಾಕು: ಒತ್ತಿಗೆ "ಚಿಕ್ಕಪ್ಪ", ಅರ್ಕಾವತ್ತಿಗೆ "ಸೂರ್ಯ", ಎರಡು ಒತ್ತುಗಳ ರಾಶಿಗೆ "ಸ್ತ್ರೀ". ಪಠ್ಯದ ಮೊದಲ ಸಾಲಿನಲ್ಲಿ ಇವನ್ನು ಬರೆದು ಒಂದೇ ಪುಟದ ಪಿಡಿಎಫ್ ಮಾಡಿ ನೋಡಿ.

ಕೊನೆಗೆ ನಾನು ಮಾಡಿದ್ದು ಇಷ್ಟು. BOM ಸೇರಿಸಿದ ಕಡತವನ್ನು ಮನೆಯ ಗಣಕಯಂತ್ರದಲ್ಲಿ ವರ್ಡ್‌ನಲ್ಲಿ ತೆರೆದೆ. ಪ್ರತಿ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಾಲುಗಳಲ್ಲಿ ಕೊಳೆರೋಗ ಮತ್ತು ಔಷಧಿಯ ಮಾತಿರುವ ದಿನಗಳನ್ನು ಮಾತ್ರ ಉಳಿಸಿ, Nirmala UI ಶೈಲಿಯಲ್ಲಿ 14ರ ಗಾತ್ರಕ್ಕೆ ಹೊಂದಿಸಿ, ಪಿಡಿಎಫ್ ಆಗಿ ಉಳಿಸಿದೆ. ಪಿಡಿಎಫ್ ಓದುವ ತಂತ್ರಾಂಶದಲ್ಲಿ Properties ಒಳಗಿನ Fonts ಪುಟ ತೆರೆದಾಗ ಶೈಲಿಯ ಹೆಸರಿನ ಮುಂದೆ Embedded Subset ಎಂದಿತ್ತು. ಅಂದರೆ ಬೇಕಾದ ಆಕಾರಗಳು ಪಿಡಿಎಫ್ ಒಳಗೇ ಸೇರಿವೆ, ಅಂಗಡಿಯ ಯಂತ್ರದಲ್ಲಿ ಯಾವ ಶೈಲಿ ಇದೆ ಇಲ್ಲ ಎಂಬುದು ಇನ್ನು ಮುಖ್ಯವಲ್ಲ. ಅಂಗಡಿಗೆ ಕೊಟ್ಟಿದ್ದು ಆ ಪಿಡಿಎಫ್ ಮಾತ್ರ. 58 ಪುಟಗಳು, ಎರಡು ಬದಿ.

ಪಠ್ಯದ ಕಡತವನ್ನು ಅಳಿಸಲಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಪಿಡಿಎಫ್‌ನಲ್ಲಿಯೂ ಕನ್ನಡ ಪದವನ್ನು ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ, ನಕಲು ಮಾಡಿ ಅಂಟಿಸಿದರೆ ಅಕ್ಷರಗಳ ಕ್ರಮ ತಪ್ಪುತ್ತದೆ, ಏಕೆಂದರೆ ಅದರೊಳಗೆ ಇರುವುದು ಜೋಡಿಸಿದ ಆಕಾರಗಳು. ಓದಲು ಪಿಡಿಎಫ್, ಹುಡುಕಲು ಪಠ್ಯದ ಕಡತ.

ಸಾಲುಗಳನ್ನು ತೆಗೆಯುವಾಗ

ಸಂದೇಶವೊಂದರಲ್ಲಿ ಹಲವು ಸಾಲುಗಳಿದ್ದರೆ ಮೊದಲ ಸಾಲಿಗೆ ಮಾತ್ರ ದಿನಾಂಕ ಇರುತ್ತದೆ. ಇದು ಗೊತ್ತಿಲ್ಲದೆ, ದಿನಾಂಕವಿಲ್ಲದ ಸಾಲುಗಳೆಲ್ಲ ಕಸವೆಂದು ಒಮ್ಮೆ ಅಳಿಸಿಬಿಟ್ಟಿದ್ದೆ. ಹಾಗೆ ಹೋದದ್ದು ಚಿಕ್ಕಪ್ಪ ಬರೆದ ಬೋರ್ಡೋ ದ್ರಾವಣದ ಅಳತೆ:

```
02/06/21, 6:10 pm - ಚಿಕ್ಕಪ್ಪ: ನೂರು ಲೀಟರಿಗೆ
ಮೈಲುತುತ್ತ 1 ಕೆಜಿ
ಸುಣ್ಣ 1 ಕೆಜಿ
ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು
```

"ನೂರು ಲೀಟರಿಗೆ" ಎಂಬಷ್ಟೇ ಉಳಿದಿತ್ತು. ಮುದ್ರಣಕ್ಕೆ ಮುನ್ನ ಓದಿದ್ದರಿಂದ ಸಿಕ್ಕಿತು. ದಿನಾಂಕದ ಬಗ್ಗೆಯೂ ಒಂದು ಮಾತು: ಅದರ ಕ್ರಮ ಕಡತ ತೆಗೆದ ಮೊಬೈಲಿನದು. 02/06 ಎಂಬುದು ಜೂನ್ 2 ಆಗಬಹುದು, ಫೆಬ್ರುವರಿ 6 ಕೂಡ ಆಗಬಹುದು. 12ಕ್ಕಿಂತ ದೊಡ್ಡ ಅಂಕಿ ಯಾವ ಕಡೆ ಬರುತ್ತದೆ ಎಂದು ಒಂದೆರಡು ಪುಟ ನೋಡಿದರೆ ಗೊತ್ತಾಗುತ್ತದೆ. ಇನ್ನು `7:42 pm` ಎಂದು ನೀವೇ ಟೈಪ್ ಮಾಡಿ ಹುಡುಕಿದಾಗ ಸಿಗದಿದ್ದರೆ, ಈಚಿನ ಕಡತಗಳಲ್ಲಿ ಆ ನಡುವಿನ ಖಾಲಿ ಜಾಗ ನಾವು ಒತ್ತುವ ಸಾಮಾನ್ಯ ಖಾಲಿ ಜಾಗವಲ್ಲದಿರಬಹುದು. ಕಡತದಿಂದಲೇ ನಕಲು ಮಾಡಿ ಹುಡುಕಿ.

`<Media omitted>` ಸಾಲುಗಳನ್ನು ಮೊದಲು ತೆಗೆದಿದ್ದೆ, ಆಮೇಲೆ ಮತ್ತೆ ಹಾಕಿದೆ. ದೊಡ್ಡಪ್ಪನವರು ಪ್ರತಿಯನ್ನು ಓದುತ್ತ 2020ರ ಜುಲೈ ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, "ಇಲ್ಲಿ ಪ್ರಶ್ನೆ ಇದೆ, ಉತ್ತರ ಎಲ್ಲಿ ಹೋಯಿತು?" ಎಂದು ಕೇಳಿದರು. ಉತ್ತರವನ್ನು ಚಿಕ್ಕಪ್ಪ ಧ್ವನಿಸಂದೇಶದಲ್ಲಿ ಹೇಳಿದ್ದರು. ಅದು ಚಿತ್ರವಿಲ್ಲದ ಕಡತದಲ್ಲಿ ಬರುವುದಿಲ್ಲ, ಇಂಥದೊಂದು ಇತ್ತು ಎಂಬ ಆ ಒಂದು ಸಾಲನ್ನೂ ನಾನು ಅಳಿಸಿದ್ದೆ. ಈಗ ಆ ಸಾಲುಗಳಿರುವ ದಿನಾಂಕಗಳನ್ನು ಪಟ್ಟಿ ಮಾಡಿ, ಮೊಬೈಲಿನಲ್ಲಿ ಒಂದೊಂದಾಗಿ ಕೇಳಿ, ಹೇಳಿದ್ದನ್ನು ಅದೇ ದಿನಾಂಕದ ಕೆಳಗೆ ಕೈಯಾರೆ ಬರೆಯುತ್ತಿದ್ದೇನೆ. ನಲವತ್ತೊಂದು ಇದ್ದವು, ಇಪ್ಪತ್ತಾರು ಮುಗಿದಿವೆ.